ಬಸರಾಳಿಗೆ ಬರುವವರಿಗೆ ಒಂದು ಇ-ಮೇಲ್

ಕಂದಾಯ ಇಲಾಖೆಗೆ ಹೊಸದಾಗಿ ಸೇರಿದವರನ್ನು ಹಿಂದೆಲ್ಲ ಬರಮಾಡಿಕೊಳ್ಳುತ್ತಿದ್ದ ಬಗೆಯನ್ನು ನೆನೆದರೆ ಕಣ್ಣ ಮುಂದೆ ಬರುವುದು ಒಂದೇ ಒಂದು ಕಾಗದ, ನೇಮಕಾತಿ ಆದೇಶ. ಅದರಲ್ಲಿ ವೇತನ ಶ್ರೇಣಿ ಇರುತ್ತಿತ್ತು, ಪರೀಕ್ಷಾರ್ಥ ಅವಧಿ ಇರುತ್ತಿತ್ತು, ಇಷ್ಟು ದಿನದೊಳಗೆ ಹಾಜರಾಗದಿದ್ದರೆ ಆದೇಶ ರದ್ದಾಗುತ್ತದೆ ಎಂಬ ಎಚ್ಚರಿಕೆ ಇರುತ್ತಿತ್ತು. ಕೊನೆಯಲ್ಲಿ ಪ್ರತಿಗಳು ಯಾರ್ಯಾರಿಗೆ ಹೋಗಿವೆ ಎಂಬ ಪಟ್ಟಿ: ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರ್, ಖಜಾನೆ. ಹೊಸಬರಿಗೆ ಕಚೇರಿಯ ಬಗ್ಗೆ ಗೊತ್ತಾಗುತ್ತಿದ್ದುದು ಆ ಪಟ್ಟಿಯಷ್ಟೇ. ತಮ್ಮ ಮೇಲೆ ಯಾರಿದ್ದಾರೆ ಎಂದು ಅದರಿಂದ ತಿಳಿಯುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಒಬ್ಬ ಮುದುಕಿ ಬಂದು, ನಾಲ್ಕು ತಿಂಗಳಿಂದ ಪಿಂಚಣಿ ಬಂದಿಲ್ಲ ಎಂದರೆ ಯಾರನ್ನು ಕೇಳಬೇಕು ಎಂಬುದು ತಿಳಿಯುತ್ತಿರಲಿಲ್ಲ. ಈಗ ಆದೇಶದ ಜೊತೆಗೆ ಅಥವಾ ಅದರ ಹಿಂದೆಯೇ ಒಂದು ಇ-ಮೇಲ್ ಕಳಿಸುವುದು ಸುಲಭ. ಆದರೆ ಸುಲಭವಾಯಿತೆಂದು ಅದೇ ಹಳೆಯ ಪಟ್ಟಿಗೆ ಶುಭಾಶಯ ಸೇರಿಸಿ ಕಳಿಸಿದರೆ ಏನೂ ಬದಲಾಗುವುದಿಲ್ಲ. ನನ್ನ ವಾದ ಇಷ್ಟು: ಸ್ವಾಗತದ ಮೇಲ್ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಹೇಳಬೇಕು. ಯಾವ ವಿಷಯ ಯಾರಿಗೆ ಗೊತ್ತಿದೆ ಎಂಬುದು ಒಂದು, ಯಾವ ವಿಷಯವನ್ನು ತೀರ್ಮಾನಿಸುವ ಅಧಿಕಾರ ಯಾರಿಗಿದೆ ಎಂಬುದು ಇನ್ನೊಂದು. ಮೊದಲ ವಾರದ ಯೋಜನೆಯೂ ಹಾಗೆಯೇ. ಹೊಸಬರು ಬರುವ ಮುನ್ನವೇ ಶುರುವಾಗಿ ಅರ್ಧಕ್ಕೆ ನಿಂತ ಜನರ ಕೆಲಸಗಳನ್ನು ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕು ಎಂಬುದೇ ಅದರ ಹೂರಣವಾಗಬೇಕು.

ಇದನ್ನು ಹೇಳಲು ಮಂಡ್ಯ ತಾಲ್ಲೂಕಿನ ಬಸರಾಳು ಹೋಬಳಿಯನ್ನು ಮುಂದಿಟ್ಟುಕೊಳ್ಳುತ್ತೇನೆ. ಮಂಡ್ಯದಿಂದ ನಾಗಮಂಗಲದ ದಿಕ್ಕಿಗೆ ಹೋದರೆ ಸಿಗುವ ಈ ಊರು ಮಲ್ಲಿಕಾರ್ಜುನ ದೇವಾಲಯದಿಂದ ಹೆಸರುವಾಸಿ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕ ಕಟ್ಟಿಸಿದ ತ್ರಿಕೂಟ ಅದು. ಅಂದಿನಿಂದ ಇಂದಿನವರೆಗೆ ಈ ಸೀಮೆಯ ಹೊಲದ ಎಲ್ಲೆ, ಕೆರೆಯ ನೀರು, ದತ್ತಿಯ ಭೂಮಿ ಎಲ್ಲಕ್ಕೂ ಯಾರೋ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಹಳೆಯ ಮೈಸೂರು ಸೀಮೆಯಲ್ಲಿ ಆ ಲೆಕ್ಕ ಶಾನುಭೋಗರ ಮನೆಯಲ್ಲಿರುತ್ತಿತ್ತು. ಹುದ್ದೆ ತಂದೆಯಿಂದ ಮಗನಿಗೆ ಬರುತ್ತಿದ್ದರಿಂದ ಅವರಿಗೆ ಸ್ವಾಗತ ಪತ್ರವೂ ಬೇಕಿರಲಿಲ್ಲ, ಮೊದಲ ವಾರದ ಯೋಜನೆಯೂ ಬೇಕಿರಲಿಲ್ಲ. ಯಾವ ಹೊಲದ ಬದು ಯಾವಾಗ ಸರಿಯಿತು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದೆ ಎಂಬುದೆಲ್ಲ ಊಟದ ಹೊತ್ತಿನ ಮಾತಿನಲ್ಲೇ ತಲೆಯಿಂದ ತಲೆಗೆ ದಾಟುತ್ತಿತ್ತು. ಆ ಪದ್ಧತಿಯ ಅನ್ಯಾಯವೂ ಸಣ್ಣದಲ್ಲ. ಲೆಕ್ಕ ಬಲ್ಲ ಒಂದೇ ಮನೆಯವರು ಇಡೀ ಊರಿನ ಭೂಮಿಯ ಮೇಲೆ ಹಿಡಿತ ಇಟ್ಟುಕೊಳ್ಳುತ್ತಿದ್ದರು. 1961ರ ಗ್ರಾಮ ಪದವಿಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯ ಕೊನೆಗೊಂಡದ್ದು ಆಗಲೇಬೇಕಾಗಿದ್ದ ಕೆಲಸ. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಅವರು ಬೇರೆ ಊರಿನವರು, ಕೆಲವು ವರ್ಷಕ್ಕೆ ವರ್ಗವಾಗುವವರು. ದಫ್ತರ ಅವರ ಕೈಗೆ ಬಂತು, ದಫ್ತರದಲ್ಲಿ ಬರೆಯದ ತಿಳಿವಳಿಕೆ ಬರಲಿಲ್ಲ. ಆ ಕೊರತೆಯನ್ನು ತುಂಬುವ ಯಾವ ಏರ್ಪಾಡೂ ಕಾಯ್ದೆಯಲ್ಲಿ ಇರಲಿಲ್ಲ. ಈಗ ಗ್ರಾಮ ಲೆಕ್ಕಿಗರಿಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು ಬದಲಾಗಿದೆ, ಪಹಣಿ ‘ಭೂಮಿ’ಯ ಕಂಪ್ಯೂಟರಿಗೆ ಹೋಗಿದೆ, ಊರಿನವರ ಬಾಯಲ್ಲಿ ಮಾತ್ರ ಅವರು ಇನ್ನೂ ‘ವಿಎ’. ಕೊರತೆ ಹಾಗೆಯೇ ಉಳಿದಿದೆ.

ಈ ಕೊರತೆ ಎಲ್ಲಿ ಕಾಣಿಸುತ್ತದೆ ಎಂದರೆ ಒಬ್ಬರು ಹೋಗಿ ಇನ್ನೊಬ್ಬರು ಬರುವ ಆ ಕೆಲವು ದಿನಗಳಲ್ಲಿ. ನಾಡಕಚೇರಿಗೆ ಬಂದ ಜಾತಿ, ಆದಾಯ, ವಂಶವೃಕ್ಷದ ಅರ್ಜಿ ಮೊದಲು ಗ್ರಾಮ ಆಡಳಿತ ಅಧಿಕಾರಿಯ ಲಾಗಿನ್‌ಗೆ ಬರುತ್ತದೆ. ಅವರು ಸ್ಥಳ ವಿಚಾರಣೆ ಮಾಡಿ ವರದಿ ಹಾಕಿದರೆ ರಾಜಸ್ವ ನಿರೀಕ್ಷಕರಿಗೆ, ಅಂದರೆ ಆರ್‌ಐಗೆ ಹೋಗುತ್ತದೆ, ಅಲ್ಲಿಂದ ಉಪ ತಹಶೀಲ್ದಾರರಿಗೆ. ಅರ್ಜಿ ಕೊಟ್ಟ ದಿನವೇ ಜನರಿಗೆ ಸಕಾಲದ ಸಂಖ್ಯೆಯಿರುವ ಸ್ವೀಕೃತಿ ಸಿಕ್ಕಿರುತ್ತದೆ, ಗಡುವಿನ ಎಣಿಕೆ ಅಂದೇ ಶುರು. 2012ರಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಈ ವ್ಯವಸ್ಥೆಯ ಒಳ್ಳೆಯ ಗುಣವೇ ಅದು: ಅಧಿಕಾರಿ ಬದಲಾದರೂ ಎಣಿಕೆ ನಿಲ್ಲುವುದಿಲ್ಲ. ಹಾಗಾಗಿ ಹೊಸಬರು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಅವರು ಕಂಡೇ ಇಲ್ಲದ ಅರ್ಜಿಗಳ ಗಡುವು ಅರ್ಧ ಕಳೆದಿರುತ್ತದೆ. ಅವುಗಳಲ್ಲಿ ಕೆಲವಕ್ಕೆ ಹಿಂದಿನವರು ಊರಿಗೆ ಹೋಗಿ ಬಂದು ವರದಿ ಹಾಕುವುದಷ್ಟೇ ಉಳಿಸಿರುತ್ತಾರೆ, ಕೆಲವನ್ನು ಸಕಾರಣವಾಗಿಯೇ ತಡೆದಿರುತ್ತಾರೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಏಕೆ ತಡೆದಿತ್ತು ಎಂಬುದು ಹಿಂದಿನವರ ತಲೆಯಲ್ಲಿದೆ, ಅವರು ಈಗ ಮಳವಳ್ಳಿಗೋ ಮದ್ದೂರಿಗೋ ವರ್ಗವಾಗಿದ್ದಾರೆ. ಹೊಸಬರ ಎದುರು ಎರಡು ದಾರಿಯಿರುತ್ತವೆ, ಎರಡೂ ಕೆಟ್ಟವು. ಗಡುವಿಗೆ ಹೆದರಿ ತಡೆದಿದ್ದನ್ನೂ ಸಾಗಹಾಕಬಹುದು, ಅಥವಾ ತಪ್ಪಾದೀತೆಂದು ಹೆದರಿ ಸರಿಯಿರುವುದನ್ನೂ ನಿಲ್ಲಿಸಬಹುದು.

ಆದ್ದರಿಂದ ನಾಡಕಚೇರಿಯ ಉಪ ತಹಶೀಲ್ದಾರರು ಹೊಸಬರಿಗೆ ಬರೆಯುವ ಮೇಲ್‌ನಲ್ಲಿ ಮೊದಲ ವಾರ ಹೀಗಿದ್ದರೆ ಒಳ್ಳೆಯದು. ಸೋಮವಾರ ಮಂಡ್ಯದ ತಾಲ್ಲೂಕು ಕಚೇರಿ. ಹಾಜರಾತಿ ವರದಿ ಕೊಡುವುದು, ಸಿಬ್ಬಂದಿ ಶಾಖೆಯ ವಿಷಯ ನಿರ್ವಾಹಕರನ್ನು ಕಂಡು ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಸೇರಿಸಲು ಬೇಕಾದ ಕಾಗದ ಒಪ್ಪಿಸುವುದು, ತಮ್ಮ ಹೆಸರಿನ ಲಾಗಿನ್‌ಗಳಿಗೆ ಅಂದೇ ಕೋರಿಕೆ ಹಾಕುವುದು. ಈ ಮೂರನ್ನು ಮೊದಲ ದಿನಕ್ಕೆ ಇಡುವುದಕ್ಕೆ ಕಾರಣವಿದೆ. ಎಚ್‌ಆರ್‌ಎಂಎಸ್ ತಡವಾದರೆ ಮೊದಲ ಸಂಬಳ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ಬೇರೆ ಜಿಲ್ಲೆಯಿಂದ ಬಂದು ಮಂಡ್ಯದಲ್ಲಿ ಬಾಡಿಗೆ ಕೋಣೆ ಹಿಡಿದ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ ಅದು ಸಣ್ಣ ಮಾತಲ್ಲ. ಲಾಗಿನ್ ತಡವಾದರೆ ಇನ್ನೂ ದೊಡ್ಡ ಅಪಾಯ. ಕೆಲಸ ನಿಲ್ಲಬಾರದು ಎಂದು ಯಾರಾದರೂ ಹಿಂದಿನವರ ಗುಪ್ತಪದ ಕೊಟ್ಟು, ಸದ್ಯಕ್ಕೆ ಇದರಲ್ಲೇ ಮಾಡಿ ಎನ್ನುತ್ತಾರೆ. ಹಾಗೆ ಹಾಕಿದ ವರದಿಯಲ್ಲಿ ಹಿಂದಿನವರ ಹೆಸರಿರುತ್ತದೆ, ವಿಚಾರಣೆ ಬಂದಾಗ ಇಬ್ಬರೂ ಸಿಕ್ಕಿಬೀಳುತ್ತಾರೆ. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದನ್ನು ಬೇಡ ಎನ್ನುವ ಧೈರ್ಯ ಹೊಸಬರಿಗೆ ಇರುವುದಿಲ್ಲ. ನಿಮ್ಮ ಸ್ವಂತ ಲಾಗಿನ್ ಬರುವ ತನಕ ಯಾರ ಲಾಗಿನ್‌ನಲ್ಲಿಯೂ ಕೆಲಸ ಮಾಡಬೇಡಿ, ಅಷ್ಟು ದಿನದ ವಿಳಂಬಕ್ಕೆ ನಾನು ಹೊಣೆ ಎಂದು ಉಪ ತಹಶೀಲ್ದಾರರು ಮೇಲ್‌ನಲ್ಲಿ ಬರೆದುಬಿಟ್ಟರೆ ಆ ಧೈರ್ಯ ಅವರಿಗೆ ಕೈಯಲ್ಲಿರುತ್ತದೆ. ಇಡೀ ಮೇಲ್‌ನಲ್ಲಿ ಬೇರೆಲ್ಲ ವಾಕ್ಯ ಬಿಟ್ಟುಹೋದರೂ ಇದೊಂದು ಉಳಿಯಬೇಕು ಎಂದು ನಾನು ಹೇಳುತ್ತೇನೆ.

ಮಂಗಳವಾರ ಬಸರಾಳಿನ ನಾಡಕಚೇರಿಯಲ್ಲಿ ಪ್ರಭಾರ ವಹಿಸಿಕೊಳ್ಳುವುದು. ನಮೂದಿತ ವಹಿಗಳು, ಗ್ರಾಮ ನಕಾಶೆಗಳು, ಬೀಗದ ಕೈಗಳು, ಇಲಾಖೆ ಕೊಟ್ಟ ಉಪಕರಣಗಳು ಎಂದು ಪ್ರಭಾರ ಪಟ್ಟಿ ಮಾಡಿ ಸಹಿ ಮಾಡುವುದು ಹಳೆಯ ರೂಢಿ. ಅದಕ್ಕೆ ಒಂದು ಹಾಳೆ ಹೆಚ್ಚು ಸೇರಿಸಿದರೆ ಸಾಕು: ಬಾಕಿ ಇರುವ ಪ್ರತಿ ಅರ್ಜಿಯ ಮುಂದೆ ಹಿಂದಿನವರ ಕೈಬರಹದಲ್ಲಿ ಒಂದು ಸಾಲು. ‘ಸ್ಥಳ ನೋಡಿದೆ, ವರದಿ ಹಾಕಬಹುದು’, ‘ನೆರೆಯವರ ತಕರಾರು ಇದೆ’, ‘ಮೂಲ ದಾಖಲೆ ತಂದಿಲ್ಲ’. ಇಪ್ಪತ್ತು ಅರ್ಜಿಗೆ ಅರ್ಧ ಗಂಟೆಯ ಕೆಲಸ. ಬುಧವಾರ, ಗುರುವಾರ ಎರಡೂ ದಿನ ವೃತ್ತದ ಊರುಗಳಲ್ಲಿ ಗ್ರಾಮ ಸಹಾಯಕರ ಜೊತೆ ನಡೆಯುವುದು. ನೋಡಬೇಕಾದದ್ದು ಖಾಸಗಿ ಹೊಲಗಳನ್ನಲ್ಲ, ಯಾರೂ ಮಾಲೀಕರಾಗಿ ನಿಂತು ಕಾಯದ ಜಾಗಗಳನ್ನು: ಗೋಮಾಳ, ಕೆರೆಯಂಗಳ, ಬಂಡಿದಾರಿ, ಸ್ಮಶಾನ, ಹಳ್ಳದ ಖರಾಬು. ದಿಶಾಂಕ್ ಆ್ಯಪ್ ತೆರೆದು ನಿಂತರೆ ಕಾಲ ಕೆಳಗಿನ ಸರ್ವೆ ನಂಬರು ಕಾಣುತ್ತದೆ. ಎಲ್ಲೆಯ ಗೆರೆ ಕೆಲವು ಮೀಟರು ಆಚೀಚೆ ಇರಬಹುದು ಎಂದು ಮೇಲ್‌ನಲ್ಲೇ ಎಚ್ಚರಿಸಬೇಕು, ಏಕೆಂದರೆ ಹೊಸಬರು ಫೋನು ಹಿಡಿದು ಇಲ್ಲಿ ನಿಮ್ಮ ಒತ್ತುವರಿ ಇದೆ ಎಂದರೆ ಅಲ್ಲೊಂದು ಜಗಳ ಹುಟ್ಟುತ್ತದೆ. ಎಲ್ಲೆ ತೀರ್ಮಾನಿಸುವವರು ಸರ್ವೆಯರು, ಆ್ಯಪ್ ಬರೀ ಸೂಚನೆ. ಶುಕ್ರವಾರ ಆರ್‌ಐ ಜೊತೆ ಕೂತು ಬಾಕಿ ಹಾಳೆಯನ್ನು ಒಂದೊಂದಾಗಿ ದಾಟಿಸುವುದು. ಶನಿವಾರ ಹೊಸಬರು ಅದೇ ಮೇಲ್‌ಗೆ ಉತ್ತರ ಬರೆಯುವುದು. ಆ ಉತ್ತರದ ವಿಷಯಕ್ಕೆ ಮುಂದೆ ಬರುತ್ತೇನೆ.

ಇನ್ನು ಯಾರನ್ನು ಸಂಪರ್ಕಿಸಬೇಕು ಎಂಬ ಭಾಗ. ಸಾಮಾನ್ಯವಾಗಿ ಇದು ಹುದ್ದೆ, ದೂರವಾಣಿ ಎಂಬ ಎರಡು ಕಾಲಂಗಳ ಕೋಷ್ಟಕವಾಗಿಬಿಡುತ್ತದೆ. ಹೊಸಬರಿಗೆ ಬೇಕಾಗುವುದು ಜನ ತರುವ ಪ್ರಶ್ನೆಯಿಂದ ಶುರುವಾಗುವ ಪಟ್ಟಿ. ಜನ ಇಲಾಖೆಗಳ ಗಡಿ ನೋಡಿಕೊಂಡು ಬರುವುದಿಲ್ಲ. ಮನೆ ಖಾತೆ ಬೇಕು ಎಂದು ನಾಡಕಚೇರಿಗೇ ಬರುತ್ತಾರೆ. ಗ್ರಾಮಠಾಣೆಯೊಳಗಿನ ಮನೆ, ನಿವೇಶನಗಳ ಖಾತೆ ಗ್ರಾಮ ಪಂಚಾಯಿತಿಯದು, ಇ-ಸ್ವತ್ತು ನಮೂನೆ ಕೊಡುವವರು ಪಿಡಿಒ. ಪಹಣಿ ಇರುವ ಜಮೀನಾದರೆ ಮಾತ್ರ ಕಂದಾಯದವರಿಗೆ ಬರುತ್ತದೆ. ಜಮೀನಿನ ಒಂದು ಭಾಗ ಮಾರಬೇಕು ಎಂದು ಬಂದವರಿಗೆ ಮೊದಲು ಬೇಕಾದದ್ದು 11ಇ ನಕ್ಷೆ, ಅದು ಭೂಮಾಪನ ಇಲಾಖೆಯ ಕೆಲಸ. ಬಸರಾಳಿನಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಮಲ್ಲಿಕಾರ್ಜುನ ದೇವಾಲಯ ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಂಥ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಊರೊಳಗೆ ಹಳೆ ಮನೆ ಕೆಡವಿ ಕಟ್ಟುವ ಬಡವರೊಬ್ಬರು ಬಂದು ಕೇಳಿದಾಗ ಹೊಸ ಅಧಿಕಾರಿ ಗೊತ್ತಿಲ್ಲದೆ, ನಮ್ಮ ಕಡೆಯಿಂದ ಏನೂ ಅಡ್ಡಿಯಿಲ್ಲ ಎಂದುಬಿಡಬಹುದು. ಮಾತು ಸುಳ್ಳಲ್ಲ, ಅವರ ಇಲಾಖೆಯಿಂದ ಅಡ್ಡಿಯಿಲ್ಲ. ಆದರೆ ಕೇಳಿದವರು ಅದನ್ನು ಸರ್ಕಾರದ ಒಪ್ಪಿಗೆ ಎಂದೇ ತಿಳಿದು ಸಾಲ ಮಾಡಿ ಪಾಯ ಹಾಕುತ್ತಾರೆ. ‘ದೇವಸ್ಥಾನದ ಆಸುಪಾಸಿನ ಕಟ್ಟಡದ ಮಾತು ಬಂದರೆ ನೀವು ಉತ್ತರ ಕೊಡಬೇಡಿ, ಪಿಡಿಒ ಬಳಿ ಕಳಿಸಿ, ಪುರಾತತ್ತ್ವ ಇಲಾಖೆಯ ಅನುಮತಿ ಬೇಕಾಗುತ್ತದೆ ಎಂದು ಮೊದಲೇ ತಿಳಿಸಿ’ ಎಂಬ ಒಂದು ಸಾಲು ಆ ಮೇಲ್‌ನಲ್ಲಿ ಇರಬೇಕು. ಇದು ರಾಜ್ಯಮಟ್ಟದ ಯಾವ ತರಬೇತಿಯ ಪುಸ್ತಕದಲ್ಲೂ ಬಸರಾಳಿನ ಹೆಸರು ಹಿಡಿದು ಇರಲಾರದು.

ಬಲ್ಲವರು ಬೇರೆ, ತೀರ್ಮಾನಿಸುವವರು ಬೇರೆ ಎಂದೆನಲ್ಲ, ಅದಕ್ಕೆ ಪೌತಿ ಖಾತೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆದಾಗ ರಾಜ್ಯದಲ್ಲಿ ಲಕ್ಷಗಟ್ಟಲೆ ಪಹಣಿಗಳು ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇರುವುದು ಗೊತ್ತಾಯಿತು. ಹೊಸ ಅಧಿಕಾರಿಯ ಮೇಜಿಗೆ ಮೊದಲ ವಾರದಲ್ಲೇ ಅಂಥದೊಂದು ಬರುತ್ತದೆ ಎಂದುಕೊಳ್ಳೋಣ. ತಂದೆ ತೀರಿಕೊಂಡಿದ್ದಾರೆ, ಎರಡು ಎಕರೆ ರಾಗಿ ಹೊಲ, ಜೊತೆಗೆ ಒಂದಿಷ್ಟು ತೆಂಗು. ಇಬ್ಬರು ಗಂಡು ಮಕ್ಕಳು ಮರಣ ಪ್ರಮಾಣಪತ್ರ, ಪಹಣಿ, ಪಡಿತರ ಚೀಟಿ ಹಿಡಿದು ಬಂದು ವಂಶವೃಕ್ಷ ಕೇಳುತ್ತಾರೆ. ಪಡಿತರ ಚೀಟಿಯಲ್ಲಿ ತಾಯಿ, ಇಬ್ಬರು ಮಕ್ಕಳು, ಸೊಸೆಯಂದಿರು ಇದ್ದಾರೆ. ಎಲ್ಲ ಸರಿಯಿದೆ ಎನಿಸುತ್ತದೆ. ಆದರೆ ಪಡಿತರ ಚೀಟಿ ಹೇಳುವುದು ಈಗ ಒಂದು ಮನೆಯಲ್ಲಿ ಉಣ್ಣುವವರ ಹೆಸರನ್ನು, ವಂಶವೃಕ್ಷ ಹೇಳಬೇಕಾದದ್ದು ಸತ್ತವರಿಗೆ ಹುಟ್ಟಿದವರೆಲ್ಲರ ಹೆಸರನ್ನು. ಹದಿನೈದು ವರ್ಷದ ಹಿಂದೆ ಮಳವಳ್ಳಿ ಕಡೆಗೆ ಮದುವೆಯಾಗಿ ಹೋದ ಮಗಳು ಚೀಟಿಯಲ್ಲಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಅವಳಿಗೆ ಅಣ್ಣತಮ್ಮಂದಿರಷ್ಟೇ ಹಕ್ಕು. ಕರ್ನಾಟಕವಂತೂ ಆ ದಾರಿಯಲ್ಲಿ 1994ರಲ್ಲೇ ಒಂದು ಹೆಜ್ಜೆ ಇಟ್ಟಿತ್ತು. ಕಾನೂನು ಹೊಸಬರಿಗೆ ಚೆನ್ನಾಗಿ ಗೊತ್ತು, ಪರೀಕ್ಷೆಗೆ ಓದಿಯೇ ಬಂದಿದ್ದಾರೆ. ಗೊತ್ತಿಲ್ಲದ್ದು ಅಂಥ ಒಬ್ಬ ಮಗಳಿದ್ದಾಳೆ ಎಂಬುದು. ಅದು ಗ್ರಾಮ ಸಹಾಯಕರಿಗೆ ಗೊತ್ತಿದೆ, ಪಕ್ಕದ ಹೊಲದವರಿಗೆ ಗೊತ್ತಿದೆ, ಊರಿನ ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರಬಹುದು. ಇವರಲ್ಲಿ ಯಾರಿಗೂ ತೀರ್ಮಾನಿಸುವ ಅಧಿಕಾರವಿಲ್ಲ. ವಂಶವೃಕ್ಷಕ್ಕೆ ಸಹಿ ಹಾಕುವವರು ಉಪ ತಹಶೀಲ್ದಾರರು, ತಕರಾರಿಲ್ಲದ ಮ್ಯುಟೇಷನ್ ಅನ್ನು ಪ್ರಮಾಣೀಕರಿಸುವವರು ಆರ್‌ಐ, ತಕರಾರು ಬಂದರೆ ಅದು ತಕರಾರು ವಹಿಗೆ ಹೋಗಿ ಮೇಲಿನ ಅಧಿಕಾರಿಯ ಮುಂದೆ ವಿಚಾರಣೆಯಾಗುತ್ತದೆ. ಹೊಸಬರಿಗೆ ಕೊಟ್ಟ ಪಟ್ಟಿಯಲ್ಲಿ ಸಹಿ ಹಾಕುವವರ ಹೆಸರು ಮಾತ್ರ ಇದ್ದರೆ ಅವರು ಚೀಟಿ ನೋಡಿ ವರದಿ ಹಾಕುತ್ತಾರೆ, ಮೇಲಿನವರು ವರದಿ ನೋಡಿ ಸಹಿ ಹಾಕುತ್ತಾರೆ, ಕಾಗದದ ಮಟ್ಟಿಗೆ ಯಾರೂ ತಪ್ಪು ಮಾಡಿರುವುದಿಲ್ಲ. ವರ್ಷ ಕಳೆದು ಮಗಳು ಪಹಣಿ ತೆಗೆಸಿ ನೋಡಿದಾಗ ಅವಳ ಹೆಸರೇ ಇರುವುದಿಲ್ಲ. ಅಲ್ಲಿಂದ ಮುಂದೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಸಿವಿಲ್ ಕೋರ್ಟು, ಒಡೆದುಹೋದ ತವರು.

ಆದ್ದರಿಂದ ಮೇಲ್‌ನ ಆ ಸಾಲು ಹೀಗಿರಬೇಕು: ‘ವಂಶವೃಕ್ಷದ ವಿಚಾರಣೆಗೆ ಹೋದಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಇದ್ದಾರೆಯೇ ಎಂದು ಅರ್ಜಿದಾರರನ್ನೂ, ಅವರ ತಾಯಿಯನ್ನೂ, ಇಬ್ಬರು ನೆರೆಯವರನ್ನೂ ಬೇರೆ ಬೇರೆಯಾಗಿ ಕೇಳಿ, ಉತ್ತರವನ್ನು ಮಹಜರಿನಲ್ಲಿ ಬರೆಯಿರಿ. ಗ್ರಾಮ ಸಹಾಯಕರಿಗೆ ಗೊತ್ತಿರುತ್ತದೆ, ಆದರೆ ಅವರ ಒಬ್ಬರ ಮಾತಿನ ಮೇಲೆ ವರದಿ ಹಾಕಬೇಡಿ. ಸಂದೇಹವಿದ್ದರೆ ಆರ್‌ಐ ಅವರನ್ನು ಕೇಳಿ.’ ಯಾರಿಗೆ ಗೊತ್ತು, ಅವರ ಮಾತಿಗೆ ಎಷ್ಟು ತೂಕ, ತೀರ್ಮಾನ ಯಾರದು, ಮೂರೂ ಇದರಲ್ಲಿ ಬಂದುವು.

ಇದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಮೊದಲನೆಯದು ತರಬೇತಿಯದು. ಹೊಸಬರನ್ನು ಜಿಲ್ಲಾ ತರಬೇತಿ ಸಂಸ್ಥೆಗೆ ಕಳಿಸುತ್ತೇವೆ, ಕಂದಾಯ ಕಾಯ್ದೆ ಓದಿಸುತ್ತೇವೆ, ಮತ್ತೊಂದು ಪತ್ರವೇಕೆ ಎನ್ನುತ್ತಾರೆ. ತರಬೇತಿ ಕಾಯ್ದೆಯನ್ನು ಕಲಿಸುತ್ತದೆ ಎಂಬುದು ನಿಜ, ಅದು ಬೇಕೇ ಬೇಕು. ಆದರೆ ಅದು ರಾಜ್ಯಕ್ಕೆಲ್ಲ ಒಂದೇ. ಕೊಡಗಿನ ಜಮ್ಮಾ ಭೂಮಿಯ ತೊಡಕೇ ಬೇರೆ, ಬಸರಾಳಿನ ರಾಗಿ ಹೊಲದ ತೊಡಕೇ ಬೇರೆ. ಸಾಲದ್ದಕ್ಕೆ ತರಬೇತಿ ಯಾವಾಗಲೂ ಮೊದಲ ವಾರಕ್ಕೆ ಬರುವುದಿಲ್ಲ, ಅರ್ಜಿ ಹಿಡಿದವರು ಮೊದಲ ವಾರಕ್ಕೇ ಬರುತ್ತಾರೆ. ಎರಡನೆಯದು ಫೋನಿನದು. ವಾಟ್ಸ್ಆ್ಯಪ್ ಗುಂಪು ಇದೆಯಲ್ಲ, ಕೇಳಿದರೆ ಯಾರಾದರೂ ಹೇಳುತ್ತಾರೆ ಎನ್ನುವವರ ಮಾತಿನಲ್ಲೂ ಹುರುಳಿದೆ, ತುರ್ತಿಗೆ ಅದೇ ಒದಗುವುದು. ಆದರೆ ಗುಂಪಿನಲ್ಲಿ ಕೇಳಲು ಏನು ಕೇಳಬೇಕೆಂದು ಮೊದಲು ಗೊತ್ತಿರಬೇಕು. ಮದುವೆಯಾಗಿ ಹೋದ ಮಗಳ ವಿಷಯ ಗೊತ್ತಿಲ್ಲದವರು ಅದನ್ನು ಕೇಳುವುದೇ ಇಲ್ಲ. ಅಲ್ಲದೆ ಅಲ್ಲಿ ಬಂದ ಉತ್ತರ ದಿನಕ್ಕೆ ನೂರು ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಮೇಲ್ ತಾರೀಖಿನೊಂದಿಗೆ ಉಳಿಯುತ್ತದೆ, ಮುಂದಿನವರಿಗೆ ಕಳಿಸಲು ಸಿಗುತ್ತದೆ.

ಮೂರನೆಯ ಆಕ್ಷೇಪವೇ ನಿಜವಾಗಿ ಗಟ್ಟಿಯಾದದ್ದು, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಬಲ್ಲವರ ಹೆಸರನ್ನು ಸರ್ಕಾರಿ ಪತ್ರದಲ್ಲಿ ಬರೆದರೆ ಅವರಿಗೆ ಇಲ್ಲದ ಅಧಿಕಾರ ಬರುತ್ತದೆ. ಹೊಸಬರು ಅವರಿಗೆ ಜೋತುಬೀಳುತ್ತಾರೆ. ಶಾನುಭೋಗರ ಮನೆಯ ಹಿಡಿತವನ್ನು ಕಾಯ್ದೆ ತಂದು ಬಿಡಿಸಿ, ಈಗ ಒಂದು ಮೇಲ್ ಬರೆದು ಇನ್ನೊಬ್ಬರ ಕೈಗೆ ಕೊಡುವುದೇ ಎಂದು ಕೇಳಬಹುದು. ಕಚೇರಿಯ ಹೊರಗೆ ಅರ್ಜಿ ಬರೆದುಕೊಡುತ್ತ ಕುಳಿತವರೂ ಬಲ್ಲವರೇ, ನಾಡಕಚೇರಿಯ ಒಳಗಿನವರಿಗಿಂತ ಚೆನ್ನಾಗಿ ಬಲ್ಲವರು. ಅವರನ್ನೂ ಸೇರಿಸುತ್ತೀರಾ? ಇಲ್ಲ. ಅದಕ್ಕಾಗಿಯೇ ಮೇಲ್‌ನಲ್ಲಿ ಹುದ್ದೆ ಇರಬೇಕು, ಹೆಸರು ಬೇಡ, ಹುದ್ದೆಯಿಲ್ಲದ ಖಾಸಗಿ ವ್ಯಕ್ತಿ ಯಾರೂ ಬರಕೂಡದು. ಪ್ರತಿ ತಿಳಿವಳಿಕೆಗೂ ಎರಡು ಮೂಲ ಕೊಡಬೇಕು, ಅದರಲ್ಲಿ ಒಂದು ದಾಖಲೆಯಾಗಿರಬೇಕು. ಇಷ್ಟಾದರೂ ಅಪಾಯ ಪೂರ್ತಿ ಹೋಗುವುದಿಲ್ಲ ಎಂದು ಒಪ್ಪುತ್ತೇನೆ. ಆದರೆ ಬರೆಯದಿದ್ದರೆ ಹೊಸಬರು ಯಾರಿಗೂ ಜೋತುಬೀಳುವುದಿಲ್ಲ ಎಂದು ತಿಳಿಯುವುದು ತಪ್ಪು. ಬರೆಯದಿದ್ದರೆ ಅವರು ಮೊದಲು ಸಿಕ್ಕವರಿಗೆ ಜೋತುಬೀಳುತ್ತಾರೆ, ಮೊದಲು ಸಿಗುವವರು ಸ್ವಂತ ಕೆಲಸ ಆಗಬೇಕಾದವರೇ. ಬಸ್ಸಿಳಿದ ಕೂಡಲೇ ಬನ್ನಿ ಸಾರ್, ಬನ್ನಿ ಮೇಡಂ, ರೂಮು ನೋಡಿದ್ದೀನಿ ಎಂದು ಎದುರುಗೊಳ್ಳುವವರ ನೆರವಿಗೆ ಬೆಲೆ ಕಟ್ಟುವ ಹೊತ್ತು ಎರಡನೇ ತಿಂಗಳಲ್ಲಿ ಬರುತ್ತದೆ.

ಸಮಯದ ಮಾತೂ ಇದೆ. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕೆ ಇಳಿದಾಗ ಅವರ ಮುಖ್ಯ ದೂರು ಇದ್ದದ್ದೇ ಹೊರೆಯ ಬಗ್ಗೆ: ಬೆಳೆ ಸಮೀಕ್ಷೆಯಿಂದ ಹಿಡಿದು ಆಧಾರ್ ಜೋಡಣೆಯವರೆಗೆ ಒಂದರ ಮೇಲೊಂದು ಆ್ಯಪ್, ಅದಕ್ಕೆ ತಕ್ಕ ಮೊಬೈಲು, ಕಂಪ್ಯೂಟರು, ಕೂರಲು ಸರಿಯಾದ ಕಚೇರಿ ಇಲ್ಲ. ಅದೇ ವರ್ಷ ಸಾವಿರ ಹುದ್ದೆಗಳಿಗೆ ನೇಮಕಾತಿ ಪ್ರಕ್ರಿಯೆಯೂ ನಡೆಯುತ್ತಿತ್ತು. ಹೀಗಿರುವಾಗ ಹೊಸಬರ ಮೊದಲ ವಾರವನ್ನು ಊರು ಸುತ್ತಲು ಬಿಟ್ಟುಕೊಡಲಾಗದು ಎಂದು ಆರ್‌ಐ ಹೇಳಿದರೆ ಅದು ಸೋಮಾರಿತನದ ಮಾತಲ್ಲ, ಕೊರತೆಯ ಮಾತು. ನನ್ನ ಉತ್ತರ ಲೆಕ್ಕದ್ದು. ತಪ್ಪು ವಂಶವೃಕ್ಷವೊಂದು ಮೇಲ್ಮನವಿಯಾಗಿ ವಾಪಸು ಬಂದರೆ ಕಡತ ಹುಡುಕುವುದು, ಹೇಳಿಕೆ ತೆಗೆಯುವುದು, ವಿಚಾರಣೆಗೆ ಮಂಡ್ಯಕ್ಕೆ ಓಡಾಡುವುದು ಎಂದು ಆ ವೃತ್ತದವರ ಕೆಲಸದ ದಿನಗಳನ್ನು ಅದೊಂದೇ ನುಂಗುತ್ತದೆ. ಬುಧವಾರ ಗುರುವಾರದ ನಡಿಗೆ ಅದಕ್ಕಿಂತ ಅಗ್ಗ. ಮೇಲ್ ಬರೆಯುವ ಉಪ ತಹಶೀಲ್ದಾರರ ಹೊರೆಯೂ ಮೊದಲ ಸಲಕ್ಕೆ ಮಾತ್ರ. ಇಲ್ಲಿ ಶನಿವಾರದ ಉತ್ತರಕ್ಕೆ ಬರುತ್ತೇನೆ. ಹೊಸಬರು ವಾರದ ಕೊನೆಗೆ ಆ ಮೇಲ್‌ನಲ್ಲಿ ಯಾವುದು ಹೊಂದಲಿಲ್ಲ, ಯಾವ ಹುದ್ದೆ ಖಾಲಿ ಇತ್ತು, ಯಾವ ಪ್ರಶ್ನೆಗೆ ಉತ್ತರವೇ ಇರಲಿಲ್ಲ ಎಂದು ತಿದ್ದಿ ಬರೆಯುತ್ತಾರೆ. ತಿದ್ದಿದ ಆ ಮೇಲ್ ಮುಂದೆ ಬರುವವರಿಗೆ ಕರಡು. ಪಟ್ಟಿ ಹಳತಾಗುತ್ತದೆ ಎಂಬ ಆಕ್ಷೇಪಕ್ಕೂ ಇದೇ ಉತ್ತರ. ಊರನ್ನು ಹೊಸಗಣ್ಣಿನಿಂದ ನೋಡುವವರು ಆ ಒಂದು ವಾರ ಮಾತ್ರ ಸಿಗುತ್ತಾರೆ, ಆರು ತಿಂಗಳಾದರೆ ಅವರಿಗೂ ಎಲ್ಲ ರೂಢಿಯಾಗಿ ಕೊರತೆ ಕಾಣುವುದಿಲ್ಲ.

ಮೇಲ್ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವುದು ಕಷ್ಟವಲ್ಲ. ಎರಡನೇ ವಾರದಲ್ಲಿ ಹೊಸಬರು ಕೇಳುವ ಪ್ರಶ್ನೆ ನೋಡಿದರೆ ಸಾಕು. ‘ಇದನ್ನು ಯಾರಿಗೆ ಕಳಿಸಲಿ’ ಎಂದೇ ಇನ್ನೂ ಕೇಳುತ್ತಿದ್ದರೆ ಪಟ್ಟಿ ಸೋತಿದೆ. ‘ಇಲ್ಲಿ ನೆರೆಯವರು ಒಂದು ಹೇಳುತ್ತಾರೆ, ಪಹಣಿ ಇನ್ನೊಂದು ಹೇಳುತ್ತದೆ, ಏನು ಮಾಡಲಿ’ ಎಂದು ಕೇಳುತ್ತಿದ್ದರೆ ಅವರು ಕೆಲಸಕ್ಕೆ ಇಳಿದಿದ್ದಾರೆ. ಒಬ್ಬರೇ ಅರ್ಜಿದಾರರು ನಾಡಕಚೇರಿ, ಪಂಚಾಯಿತಿ, ಸರ್ವೆ ಎಂದು ಮೂರು ಕಡೆ ಸುತ್ತಿ ಮತ್ತೆ ಅಲ್ಲಿಗೇ ಬಂದು ನಿಂತರೆ, ಅಥವಾ ಸ್ಥಳ ವರದಿಗಳೆಲ್ಲ ಒಬ್ಬರೇ ಹೇಳಿ ಬರೆಸಿದಂತೆ ಒಂದೇ ಧಾಟಿಯಲ್ಲಿ ಬರುತ್ತಿದ್ದರೆ ಉಪ ತಹಶೀಲ್ದಾರರು ಮತ್ತೊಮ್ಮೆ ಕೂತು ಮಾತಾಡಬೇಕು.

ಮೇಲ್‌ನಿಂದ ಆಗದ್ದೂ ಇದೆ. ಹಿಂದಿನ ಹುದ್ದೆ ವರ್ಷಗಟ್ಟಲೆ ಖಾಲಿಯಿದ್ದು ಪಕ್ಕದ ವೃತ್ತದವರೇ ಹೆಚ್ಚುವರಿ ಪ್ರಭಾರದಲ್ಲಿ ನೋಡಿಕೊಳ್ಳುತ್ತಿದ್ದರೆ, ಬಾಕಿ ಅರ್ಜಿಗಳ ಮುಂದೆ ಆ ಒಂದು ಸಾಲು ಬರೆಯುವವರೇ ಇರುವುದಿಲ್ಲ. ಅಂಥ ವೃತ್ತಕ್ಕೆ ಬರುವವರಿಗೆ ಆ ಸಂಗತಿಯನ್ನು ಮೇಲ್‌ನ ಮೊದಲ ಸಾಲಿನಲ್ಲೇ ತಿಳಿಸಬೇಕು, ಬಾಕಿ ಅರ್ಜಿಗಳನ್ನು ಮೊದಲಿನಿಂದ ವಿಚಾರಣೆ ಮಾಡಲು ಎಷ್ಟು ಕಾಲ ಕೊಟ್ಟಿದೆ ಎಂದೂ ತಿಳಿಸಬೇಕು. ಬಾಕಿ ಹಾಳೆಯನ್ನು ಮೇಲ್‌ಗೆ ಲಗತ್ತಿಸಲೂಬಾರದು. ಹೊಸಬರಿಗೆ ಆಗಿನ್ನೂ ಇಲಾಖೆಯ ವಿಳಾಸ ಇರುವುದಿಲ್ಲ, ಮೇಲ್ ಹೋಗುವುದು ಅವರ ಖಾಸಗಿ ಅಂಚೆಪೆಟ್ಟಿಗೆಗೆ. ಜನರ ಹೆಸರು, ಜಾತಿ, ಆದಾಯ, ಆಧಾರ್ ಸಂಖ್ಯೆ ಇರುವ ಯಾವ ಹಾಳೆಯೂ ಅಲ್ಲಿಗೆ ಹೋಗಕೂಡದು. ಅದು ಮಂಗಳವಾರ ನಾಡಕಚೇರಿಯ ಮೇಜಿನ ಮೇಲೆ, ಕೈಯಿಂದ ಕೈಗೆ, ಸಹಿಯೊಂದಿಗೆ ಸಿಗಬೇಕು.